ಒಂದೇ ಶೂವನ್ನು ಕನ್ನಡಿ ತಿರುಗಿಸಿ ಜೋಡಿ ಮಾಡಿದ್ದಾರೆಯೇ ಎಂಬುದು ಹೊಲಿಗೆಯಿಂದ ತಿಳಿಯುತ್ತದೆಯೇ?

ಕ್ಯಾಟಲಾಗ್_ಮೇಜು

ಎಲ್ಲರಿಗೂ ನಮಸ್ಕಾರ. ಚರ್ಮದ ಫಾರ್ಮಲ್ ಶೂ ಮತ್ತು ಸ್ಯಾಂಡಲ್ ತಯಾರಿಸುವ ಒಂದು ಘಟಕದ ಕ್ಯಾಟಲಾಗನ್ನು ಹೊಸದಾಗಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ಚಿತ್ರಗಳನ್ನು ಹೊರಗಿನವರೊಬ್ಬರು ತೆಗೆದುಕೊಟ್ಟಿದ್ದರು. ಅವುಗಳಲ್ಲಿ ಕಪ್ಪು ಆಕ್ಸ್‌ಫರ್ಡ್ ಶೂ ಒಂದರ ಚಿತ್ರವನ್ನು ನೋಡಿದಾಗಲೆಲ್ಲ ಏನೋ ಸರಿಯಿಲ್ಲ ಎನ್ನಿಸುತ್ತದೆ, ಆದರೆ ಏನೆಂದು ಬೆರಳಿಟ್ಟು ತೋರಿಸಲು ಆಗುತ್ತಿಲ್ಲ.

ಚಿತ್ರ ಹೀಗಿದೆ: ಎರಡೂ ಶೂಗಳ ಮೊನೆ ನೋಡುವವರ ಕಡೆಗಿದೆ, ಕ್ಯಾಮೆರಾ ಸ್ವಲ್ಪ ಮೇಲಿನಿಂದ ನೋಡುತ್ತಿದೆ. ಟೋ ಕ್ಯಾಪ್‌ನ ಅಂಚಿನಲ್ಲಿ ಎರಡು ಸಾಲು ಹೊಲಿಗೆ ಅಡ್ಡಲಾಗಿ ಹಾದುಹೋಗಿದೆ. ಎರಡು ಶೂಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಒಂದಕ್ಕೊಂದು ಹೊಂದಿಕೊಂಡಿವೆ. ಒಂದೇ ಶೂವಿನ ಫೋಟೋ ತೆಗೆದು, ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪಕ್ಕದಲ್ಲಿ ಕೂರಿಸಿರಬಹುದು ಎಂಬುದು ನನ್ನ ಅನುಮಾನ. ಇನ್‌ಸೋಲ್ ಮೇಲಿನ ಅಕ್ಷರ ಕಾಣದಂತೆ ಚಿತ್ರ ಕತ್ತರಿಸಿರುವುದರಿಂದ ಆ ಸುಲಭದ ಸುಳಿವು ಸಿಗುತ್ತಿಲ್ಲ. ಇದನ್ನು ಖಚಿತವಾಗಿ ಕಂಡುಹಿಡಿಯುವ ದಾರಿ ಇದೆಯೇ? ಮತ್ತೆ ಚಿತ್ರ ತೆಗೆಯುವುದಾದರೆ, ನಿಜವಾದ ಜೋಡಿಯೇ ಇದು ಎಂದು ಹೊಲಿಗೆಯ ಸಮೇತ ಕಾಣುವಂತೆ ತೆಗೆಯುವುದು ಹೇಗೆ?

---

ನೇರ_ನೋಟ

ಕನ್ನಡಿ ತಿರುಗಿಸಿದ್ದರೂ ಅದರಲ್ಲಿ ದೊಡ್ಡ ತಪ್ಪೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಎಡಗಾಲಿನ ಶೂ ಮತ್ತು ಬಲಗಾಲಿನ ಶೂ ಒಂದೇ ಪ್ಯಾಟರ್ನನ್ನು ಮಗುಚಿ ಕತ್ತರಿಸಿದವುಗಳೇ ತಾನೆ? ಶೂವಿಗೆ ಆಕಾರ ಕೊಡುವ ಅಚ್ಚು, ಅಂದರೆ ಲಾಸ್ಟ್ ಕೂಡ ಒಂದರ ಪ್ರತಿಬಿಂಬದಂತೆ ಮತ್ತೊಂದು ಇರುತ್ತದೆ. ಬಕಲ್ ಇದ್ದರೆ ಅದು ಎರಡೂ ಕಾಲಿನಲ್ಲಿ ಹೊರಬದಿಗೇ ಬರುತ್ತದೆ, ಆದ್ದರಿಂದ ಮಗುಚಿದಾಗಲೂ ಸರಿಯಾದ ಜಾಗದಲ್ಲೇ ಇರುತ್ತದೆ. ನಾನು ಅನೇಕ ವರ್ಷಗಳಿಂದ ಚಿತ್ರಗಳನ್ನು ತಿದ್ದುವ ಕೆಲಸ ಮಾಡುತ್ತಿದ್ದೇನೆ. ಅಕ್ಷರಗಳನ್ನು ಸರಿಪಡಿಸಿ, ನೆರಳನ್ನು ಹೊಸದಾಗಿ ಹಾಕಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಮಾದರಿಯ ಶೂ ಒಂದು ಕಾಲಿನದ್ದು ಮಾತ್ರ ಸಿದ್ಧವಾಗಿರುವಾಗ ಬೇರೆ ದಾರಿಯೂ ಇರುವುದಿಲ್ಲ.

---

ಸೂಜಿ_ಮೊನೆ

ನೇರ_ನೋಟ ಅವರು ಪ್ಯಾಟರ್ನ್ ಬಗ್ಗೆ ಹೇಳಿದ್ದು ಸರಿ. ಆದರೆ ಪ್ಯಾಟರ್ನ್ ಮಗುಚುತ್ತದೆಯೇ ಹೊರತು ಹೊಲಿಗೆ ಮಗುಚುವುದಿಲ್ಲ. ನಾನು ಅಪ್ಪರ್ ಹೊಲಿಯುವ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು, ಈ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚರ್ಮಕ್ಕೆ ಬಳಸುವ ಯಂತ್ರದ ಸೂಜಿಯ ಮೊನೆ ಬಟ್ಟೆಯ ಸೂಜಿಯಂತೆ ದುಂಡಗಿರುವುದಿಲ್ಲ. ಅದು ಸಣ್ಣ ಅಲಗಿನಂತೆ ಚರ್ಮವನ್ನು ಸೀಳಿಕೊಂಡು ಹೋಗುತ್ತದೆ. ಅಲಂಕಾರಕ್ಕಾಗಿ ಕಾಣಬೇಕಾದ ಹೊಲಿಗೆಗೆ ಸಾಮಾನ್ಯವಾಗಿ ಸೀಳು ಓರೆಯಾಗಿ ಬೀಳುವ ಮೊನೆಯನ್ನು ಹಾಕುತ್ತಾರೆ. ಪ್ರತಿ ರಂಧ್ರವೂ ಒಂದು ಓರೆ ಸೀಳಾಗಿರುವುದರಿಂದ ದಾರ ಒಂದು ಸೀಳಿನ ತುದಿಯಿಂದ ಮುಂದಿನ ಸೀಳಿನ ಎದುರು ತುದಿಗೆ ಒರಗಿಕೊಳ್ಳುತ್ತದೆ. ಹೀಗಾಗಿ ಪ್ರತಿ ಹೊಲಿಗೆಯೂ ಸಾಲಿಗೆ ಓರೆಯಾಗಿ ಮಲಗುತ್ತದೆ. ಒಳ್ಳೆಯ ಫಾರ್ಮಲ್ ಶೂವಿನ ಹೊಲಿಗೆ ಹುರಿಯಂತೆ ಕಾಣುವುದು ಈ ಕಾರಣದಿಂದ.

ಒಂದು ಕಾಗದದ ಮೇಲೆ ಒಂದೇ ಸಾಲಿನಲ್ಲಿ / / / / ಎಂದು ಬರೆದು ಕಾಗದವನ್ನು ತಲೆಕೆಳಗಾಗಿ ಹಿಡಿಯಿರಿ. ಗೆರೆಗಳು ಆಗಲೂ / / / / ಎಂದೇ ಕಾಣುತ್ತವೆ. ಕನ್ನಡಿಯ ಮುಂದೆ ಹಿಡಿದಾಗ ಮಾತ್ರ \ \ \ \ ಆಗುತ್ತವೆ. ಅದೇ ಯಂತ್ರ, ಅದೇ ಸೂಜಿ, ಅದೇ ಮೇಲ್ಮೈಯಿಂದ ಹೊಲಿದ ಎಡ ಮತ್ತು ಬಲ ಶೂಗಳಲ್ಲಿ, ಹೊಲಿಯುವವರು ಯಾವ ತುದಿಯಿಂದ ಆರಂಭಿಸಿದ್ದರೂ, ಓರೆ ಒಂದೇ ಕಡೆಗಿರುತ್ತದೆ. ಒಂದು ಶೂವಿನಲ್ಲಿ ಓರೆ ಒಂದು ಕಡೆಗೂ ಇನ್ನೊಂದರಲ್ಲಿ ಅದರ ವಿರುದ್ಧ ಕಡೆಗೂ ಇದ್ದರೆ, ಎರಡರಲ್ಲಿ ಒಂದನ್ನು ಮಗುಚಲಾಗಿದೆ ಎಂದು ಬಲವಾಗಿ ಶಂಕಿಸಬಹುದು.

ನಿಮ್ಮ ಚಿತ್ರದಲ್ಲಿ ಟೋ ಕ್ಯಾಪ್‌ನ ಸಾಲು ಎರಡೂ ಶೂಗಳಲ್ಲಿ ಅಡ್ಡಲಾಗಿಯೇ ಇರುವುದರಿಂದ ಹೋಲಿಸುವುದು ಸುಲಭ. ಮೂಲ ಫೈಲನ್ನು ತೆರೆದು, ನಡುಭಾಗದ ಏಳೆಂಟು ಹೊಲಿಗೆಗಳನ್ನು ಮಾತ್ರ ದೊಡ್ಡದಾಗಿಸಿ ನೋಡಿ. ಸಾಲು ಬಳುಕುವ ಅಂಚುಗಳಲ್ಲಿ ನೋಡಬೇಡಿ, ಅಲ್ಲಿ ಓರೆ ಮೋಸ ಮಾಡುತ್ತದೆ.

---

ಎರಡು_ಡಬ್ಬಿ

ನನಗೂ ಇದೇ ತೊಂದರೆಯಾಗಿದೆ. ಒಂದು ಅಂಗಡಿಯಿಂದ ತರಿಸಿದ ಡಬ್ಬಿಯಲ್ಲಿ ಎರಡೂ ಎಡಗಾಲಿನ ಶೂಗಳೇ ಇದ್ದವು. ಪ್ಯಾಕ್ ಮಾಡುವವರು ಎಡ ಬಲ ನೋಡಿಯೇ ಹಾಕಬೇಕಲ್ಲವೇ? ಈಗ ನಾನು ಮನೆಗೆ ತಂದ ಕೂಡಲೇ ಶೂವಿನ ಕಂಠದ ಅಂಚನ್ನು ನೋಡುತ್ತೇನೆ. ಕಾಲಿನ ಹೊರಗಿನ ಗಂಟು ಒಳಗಿನ ಗಂಟಿಗಿಂತ ಕೆಳಗಿರುವುದರಿಂದ ಶೂವಿನ ಅಂಚೂ ಹೊರಬದಿಯಲ್ಲಿ ಸ್ವಲ್ಪ ತಗ್ಗಾಗಿರುತ್ತದೆ. ಎರಡು ಶೂಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ತಗ್ಗಾದ ಅಂಚುಗಳು ಎರಡೂ ಹೊರಗಿನ ಕಡೆಗೆ ಬಂದರೆ ಜೋಡಿ ಸರಿ.

---

ಕ್ಯಾಟಲಾಗ್_ಮೇಜು

ಎರಡು_ಡಬ್ಬಿ ಅವರೇ, ನನ್ನ ಪ್ರಶ್ನೆ ಡಬ್ಬಿಯ ಒಳಗಿನ ಶೂಗಳದ್ದಲ್ಲ, ಚಿತ್ರದಲ್ಲಿರುವ ಶೂಗಳದ್ದು. ಆದರೂ ಕಂಠದ ಅಂಚಿನ ವಿಷಯ ನನಗೆ ಗೊತ್ತಿರಲಿಲ್ಲ, ಅದು ಇನ್ನೊಂದು ಚಿತ್ರಕ್ಕೆ ಉಪಯೋಗಕ್ಕೆ ಬಂತು. ನಮ್ಮ ಕಂದು ಡರ್ಬಿ ಶೂವಿನ ಚಿತ್ರದಲ್ಲಿ ಎರಡು ಶೂಗಳು ಒಂದರ ಹಿಂದೆ ಒಂದು ಸಮಾನಾಂತರವಾಗಿ, ಎಡಕ್ಕೆ ಮೊನೆ ಮಾಡಿ ಓರೆಯಾಗಿ ನಿಂತಿವೆ. ಎರಡರಲ್ಲೂ ನಮಗೆ ಕಾಣುವ ಬದಿಯ ಅಂಚು ತಗ್ಗಾಗಿದೆ. ಹಾಗಿದ್ದರೆ ಎರಡೂ ಹೊರಬದಿಯನ್ನೇ ತೋರಿಸುತ್ತಿವೆ ಎಂದಾಯಿತು. ಇದು ಸಾಧ್ಯವೇ?

ಆಕ್ಸ್‌ಫರ್ಡ್ ಚಿತ್ರವನ್ನೂ ನೋಡಿದೆ. ಸೂಜಿ_ಮೊನೆ ಅವರು ಹೇಳಿದಂತೆಯೇ ಇದೆ. ಒಂದರಲ್ಲಿ ಹೊಲಿಗೆಗಳು ಬಲಕ್ಕೆ ಒರಗಿವೆ, ಇನ್ನೊಂದರಲ್ಲಿ ಎಡಕ್ಕೆ. ಕಪಾಟಿನಲ್ಲಿದ್ದ ನಿಜವಾದ ಜೋಡಿಯನ್ನು ತೆಗೆದು ಭೂತಗನ್ನಡಿ ಹಿಡಿದು ನೋಡಿದಾಗ ಎರಡರಲ್ಲೂ ಬಲಕ್ಕೇ ಒರಗಿವೆ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಚಿತ್ರದಲ್ಲಿ ಟೋ ಕ್ಯಾಪ್‌ನ ಹೊಳಪು ಒಂದು ಶೂವಿನಲ್ಲಿ ಎಡ ಮೂಲೆಯಲ್ಲಿದೆ, ಇನ್ನೊಂದರಲ್ಲಿ ಬಲ ಮೂಲೆಯಲ್ಲಿದೆ, ಆದರೆ ನೆಲದ ನೆರಳು ಮಾತ್ರ ಎರಡಕ್ಕೂ ಬಲಕ್ಕೇ ಬಿದ್ದಿದೆ. ಇಷ್ಟು ದಿನ ನನ್ನನ್ನು ಕಾಡುತ್ತಿದ್ದದ್ದು ಬಹುಶಃ ಇದೇ.

---

ಸೂಜಿ_ಮೊನೆ

ಡರ್ಬಿ ಚಿತ್ರದಲ್ಲಿ ನಡೆದಿರುವುದು ಮಗುಚುವಿಕೆಯಲ್ಲ, ನಕಲು. ಸಮಾನಾಂತರವಾಗಿ ನಿಲ್ಲಿಸಿದ ಜೋಡಿಯಲ್ಲಿ ಶೂವನ್ನು ಮಗುಚಿದರೆ ಅದು ಎದುರು ದಿಕ್ಕಿಗೆ ಮೊನೆ ಮಾಡಿಬಿಡುತ್ತದೆ, ಆದ್ದರಿಂದ ಅವಸರದಲ್ಲಿರುವವರು ಅದೇ ಶೂವನ್ನು ಹಾಗೆಯೇ ನಕಲಿಸಿ ಹಿಂದೆ ಸರಿಸುತ್ತಾರೆ. ಎಡಕ್ಕೆ ಮೊನೆ ಮಾಡಿ ಹೊರಬದಿಯನ್ನು ತೋರಿಸುವ ಶೂ ಯಾವಾಗಲೂ ಎಡಗಾಲಿನದ್ದು. ಅದರ ಜೊತೆಗಾರ ಅದೇ ದಿಕ್ಕಿಗೆ ಮೊನೆ ಮಾಡಿ ನಿಂತಾಗ ತನ್ನ ಒಳಬದಿಯನ್ನೇ ತೋರಿಸಬೇಕು. ಎರಡೂ ಹೊರಬದಿಯನ್ನು ತೋರಿಸುತ್ತಿದ್ದರೆ ನಿಮ್ಮ ಕ್ಯಾಟಲಾಗಿನಲ್ಲಿ ಎರಡು ಎಡಗಾಲಿನ ಶೂಗಳಿವೆ.

ಒಳಬದಿಯನ್ನು ಗುರುತಿಸಲು ಅಂಚಿನ ಎತ್ತರದ ಜೊತೆಗೆ ಅಟ್ಟೆಯ ನಡುಭಾಗವನ್ನೂ ನೋಡಿ. ಪಾದದ ಕಮಾನು ಬರುವ ಕಡೆ ಅಟ್ಟೆ ಹೆಚ್ಚು ಒಳಕ್ಕೆ ಬಾಗಿರುತ್ತದೆ, ಹೊರಬದಿ ಅಷ್ಟು ಬಾಗಿರುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಸ್ಯಾಂಡಲ್ ಚಿತ್ರಗಳಲ್ಲಿ ಇದು ಬಹಳ ಕಾಣುತ್ತದೆ. ಮೇಲಿನಿಂದ ಚಿತ್ರ ತೆಗೆಯುವಾಗ ಹಿಮ್ಮಡಿ ನಮ್ಮ ಕಡೆಗಿದ್ದರೆ ಎಡಗಾಲಿನದ್ದು ನಮ್ಮ ಎಡಕ್ಕೆ ಬರುತ್ತದೆ. ಮೊನೆ ನಮ್ಮ ಕಡೆಗಿದ್ದರೆ ಎಡಗಾಲಿನದ್ದು ನಮ್ಮ ಬಲಕ್ಕೆ ಬರಬೇಕು. ಅನೇಕರು ಎರಡೂ ಸಂದರ್ಭದಲ್ಲಿ ಎಡದ್ದನ್ನು ಎಡಕ್ಕೇ ಇಡುತ್ತಾರೆ. ಆಗ ಸ್ಯಾಂಡಲ್‌ನ ಹೆಬ್ಬೆರಳ ಭಾಗ, ಅಂದರೆ ಅಟ್ಟೆಯ ಅತಿ ಉದ್ದದ ತುದಿ, ಎರಡರಲ್ಲೂ ಹೊರಗಡೆಗೆ ಹೋಗಿ ಮೊನೆಗಳು ಒಂದರಿಂದೊಂದು ದೂರ ಸರಿದಂತೆ ಕಾಣುತ್ತವೆ. ಸರಿಯಾಗಿಟ್ಟ ಜೋಡಿಯಲ್ಲಿ ಆ ಉದ್ದದ ತುದಿಗಳು ನಡುಗೆರೆಯ ಅಕ್ಕಪಕ್ಕದಲ್ಲಿರುತ್ತವೆ, ಬಕಲ್‌ಗಳು ಹೊರಗಿರುತ್ತವೆ.

---

ಬೆಳಕಿನ_ಪೆಟ್ಟಿಗೆ

ಉತ್ಪನ್ನಗಳ ಫೋಟೋ ತೆಗೆಯುವುದೇ ನನ್ನ ವೃತ್ತಿಯಾಗಿರುವುದರಿಂದ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರಿಸುತ್ತೇನೆ. ಜನರು ಮಗುಚುವಿಕೆಗೆ ಏಕೆ ಹೋಗುತ್ತಾರೆ ಎಂಬುದನ್ನು ಮೊದಲು ನೋಡಬೇಕು. ನಿಜವಾದ ಜೋಡಿಯನ್ನು ಹತ್ತಿರದಿಂದ ತೆಗೆದರೆ ಅದು ಚಿತ್ರದಲ್ಲಿ ಜೋಡಿಯಂತೆ ಕಾಣುವುದೇ ಇಲ್ಲ. ಕ್ಯಾಮೆರಾ 60 ಸೆಂಟಿಮೀಟರ್ ದೂರದಲ್ಲಿದ್ದು, ಎರಡನೆಯ ಶೂ ಮೊದಲನೆಯದಕ್ಕಿಂತ 15 ಸೆಂಟಿಮೀಟರ್ ಹಿಂದೆ ಇದ್ದರೆ, ಹಿಂದಿನದು ಐದರಲ್ಲಿ ಒಂದು ಭಾಗದಷ್ಟು ಚಿಕ್ಕದಾಗಿ ಕಾಣುತ್ತದೆ. 30 ಸೆಂಟಿಮೀಟರ್ ಉದ್ದದ ಶೂ ಅದರ ಪಕ್ಕದಲ್ಲಿ 24 ಸೆಂಟಿಮೀಟರಿನದ್ದೆಂಬಂತೆ ತೋರುತ್ತದೆ, ಅಂದರೆ ದೊಡ್ಡವರ ಶೂ ಪಕ್ಕದಲ್ಲಿ ಬೇರೆ ಅಳತೆಯ ಶೂ ಇಟ್ಟಂತಾಗುತ್ತದೆ. ಕ್ಯಾಮೆರಾವನ್ನು 2 ಮೀಟರ್ ದೂರಕ್ಕೆ ಒಯ್ದು ಉದ್ದದ ಲೆನ್ಸ್ ಹಾಕಿದರೆ ಅದೇ ವ್ಯತ್ಯಾಸ ನೂರಕ್ಕೆ ಏಳರಷ್ಟಕ್ಕೆ ಇಳಿಯುತ್ತದೆ, ಅಷ್ಟನ್ನು ಕಣ್ಣು ಸಹಜವೆಂದು ಒಪ್ಪಿಕೊಳ್ಳುತ್ತದೆ. ಜಾಗ ಇಲ್ಲದವರು ಕನಿಷ್ಠ 1.5 ಮೀಟರ್ ಆದರೂ ಹಿಂದೆ ಸರಿಯಬೇಕು.

ಎರಡನೆಯದು ಸ್ಪಷ್ಟತೆಯ ಆಳ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 100 ಮಿಲಿಮೀಟರ್ ಲೆನ್ಸ್, 1.5 ಮೀಟರ್ ದೂರ, f/11 ಎಂದಿಟ್ಟುಕೊಂಡರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 14 ಸೆಂಟಿಮೀಟರ್ ಮಾತ್ರ. ಓರೆಯಾಗಿ ನಿಲ್ಲಿಸಿದ ಜೋಡಿ 30 ಸೆಂಟಿಮೀಟರಿಗಿಂತ ಹೆಚ್ಚು ಆಳ ತೆಗೆದುಕೊಳ್ಳುತ್ತದೆ. ಆಗ f/22ಕ್ಕೆ ಹೋಗುವುದು ಸುಲಭದ ದಾರಿಯೆಂದು ತೋರುತ್ತದೆ, ಆದರೆ ಅಷ್ಟು ಚಿಕ್ಕ ದ್ವಾರದಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರ ಮೆತ್ತಗಾಗುತ್ತದೆ, ಅದರಲ್ಲಿ ಮೊದಲು ಅಳಿಸಿಹೋಗುವುದು ಹೊಲಿಗೆಯೇ. ಟ್ರೈಪಾಡ್ ಅಲುಗಿಸದೆ ಫೋಕಸನ್ನು ಮುಂದಿನ ಮೊನೆ, ನಡುಭಾಗ, ಹಿಂದಿನ ಹಿಮ್ಮಡಿ ಎಂದು ಸರಿಸುತ್ತ ಮೂರು ನಾಲ್ಕು ಚಿತ್ರಗಳನ್ನು ತೆಗೆದು ಒಂದಾಗಿಸುವುದೇ ಒಳ್ಳೆಯದು.

ಆದರೂ ಇಡೀ ಜೋಡಿಯ ಚಿತ್ರದಿಂದ ಹೊಲಿಗೆ ಪೂರ್ತಿಯಾಗಿ ಕಾಣಬೇಕೆಂದು ನಿರೀಕ್ಷಿಸಬೇಡಿ. 2000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಶೂ 1700 ಪಿಕ್ಸೆಲ್ ತುಂಬಿಕೊಂಡರೂ ಒಂದು ಮಿಲಿಮೀಟರಿಗೆ ಆರು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಎರಡು ಮಿಲಿಮೀಟರಿನ ಒಂದು ಹೊಲಿಗೆಗೆ ಹನ್ನೊಂದು ಪಿಕ್ಸೆಲ್ ಸಿಗುತ್ತದೆ, ದಾರದ ದಪ್ಪಕ್ಕೆ ಎರಡೇ ಎರಡು. ಜೋಡಿಯ ಚಿತ್ರದಲ್ಲಿ ಒಂದೊಂದು ಶೂ ಇನ್ನೂ ಚಿಕ್ಕದಾಗುತ್ತದೆ. ಅಂಥ ಚಿತ್ರವನ್ನು ಜಾಲತಾಣಕ್ಕಾಗಿ ಇನ್ನಷ್ಟು ಕುಗ್ಗಿಸಿದಾಗ ಹೊಲಿಗೆಯ ಜಾಗದಲ್ಲಿ ಒಂದು ಮಸುಕು ಗೆರೆ ಉಳಿಯುತ್ತದೆ. ಆದ್ದರಿಂದ 8 ಸೆಂಟಿಮೀಟರ್ ಅಗಲದ ಭಾಗವನ್ನು ಮಾತ್ರ ತುಂಬಿಸಿ ಹತ್ತಿರದ ಚಿತ್ರವೊಂದನ್ನು ಬೇರೆಯಾಗಿ ತೆಗೆಯಲೇಬೇಕು. ಅದರಲ್ಲಿ ಅದೇ ಹೊಲಿಗೆಗೆ 50 ಪಿಕ್ಸೆಲ್ ಸಿಗುತ್ತದೆ, ಒರಗಿರುವ ದಿಕ್ಕು, ರಂಧ್ರದ ಅಂಚು, ದಾರದ ಹುರಿ ಎಲ್ಲವೂ ಓದಲು ಬರುತ್ತವೆ.

---

ಕ್ಯಾಟಲಾಗ್_ಮೇಜು

ತುಂಬ ಉಪಕಾರವಾಯಿತು. ನನ್ನ ದೊಡ್ಡ ತೊಡಕು ಕಪ್ಪು ಚರ್ಮದ ಮೇಲಿನ ಕಪ್ಪು ದಾರ. ಪ್ರತಿಫಲನ ತಪ್ಪಿಸಲು ಪೋಲರೈಸಿಂಗ್ ಫಿಲ್ಟರ್ ಹಾಕಿ ನೋಡಿದೆ. ಹೊಳಪು ಹೋಯಿತು, ಅದರ ಜೊತೆಗೆ ಹೊಲಿಗೆಯೂ ಹೋಯಿತು.

---

ಬೆಳಕಿನ_ಪೆಟ್ಟಿಗೆ

ಹಾಗೆಯೇ ಆಗಬೇಕು. ಬಣ್ಣ ಒಂದೇ ಆಗಿರುವಾಗ ಚರ್ಮಕ್ಕೂ ದಾರಕ್ಕೂ ಇರುವ ವ್ಯತ್ಯಾಸ ಹೊಳಪು ಮತ್ತು ನೆರಳುಗಳಲ್ಲಿ ಮಾತ್ರ ಉಳಿಯುತ್ತದೆ. ಫಿಲ್ಟರ್ ಹೊಳಪನ್ನೇ ಅಳಿಸಿದರೆ ನೋಡಲು ಏನೂ ಉಳಿಯುವುದಿಲ್ಲ.

ಮೊದಲು ಶೂವಿಗಿಂತ ದೊಡ್ಡದಾದ ಬಿಳಿಯ ಪರದೆಯ ಮೂಲಕ ಮೇಲಿನಿಂದ ಮೆದು ಬೆಳಕು ಕೊಡಿ, ಅದರಿಂದ ಶೂವಿನ ಆಕಾರ ಬರುತ್ತದೆ. ನಂತರ ಕಿರಿದಾದ ಒಂದು ಬೆಳಕನ್ನು ಮೇಜಿನ ಮಟ್ಟಕ್ಕಿಂತ ತುಸುವೇ ಮೇಲಿಟ್ಟು ಚರ್ಮವನ್ನು ಸವರಿಕೊಂಡು ಹೋಗುವಂತೆ ಬಿಡಿ. ಈ ಬೆಳಕು ಬರುವ ದಿಕ್ಕು ಬಹಳ ಮುಖ್ಯ. ಹೊಲಿಗೆಯ ಸಾಲಿಗೆ ನೇರ ಅಡ್ಡವಾಗಿ ಬಂದರೆ ಇಡೀ ಸಾಲು ಒಂದು ಉಬ್ಬು ಗೆರೆಯಾಗಿ ಕಾಣುತ್ತದೆ, ಒಂದೊಂದು ಹೊಲಿಗೆ ಬೇರೆಯಾಗಿ ಕಾಣುವುದಿಲ್ಲ. ಸಾಲಿನ ಉದ್ದಕ್ಕೂ ಬಂದರೆ ರಂಧ್ರಗಳಲ್ಲಿ ನೆರಳು ತುಂಬಿ ಹೊಲಿಗೆಗಳು ಬಿಡಿಬಿಡಿಯಾಗುತ್ತವೆ, ಆದರೆ ಸಾಲು ಚರ್ಮದಿಂದ ಮೇಲೆದ್ದಿರುವುದು ತಿಳಿಯುವುದಿಲ್ಲ. ಇವೆರಡರ ನಡುವಿನ ಓರೆ ಕೋನದಲ್ಲಿ ಎರಡೂ ಸಿಗುತ್ತವೆ. ಬೆಳಕನ್ನು ಕೈಯಲ್ಲೇ ಹಿಡಿದು ನಿಧಾನವಾಗಿ ಸುತ್ತಿಸುತ್ತ ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಆ ಜಾಗ ತಾನಾಗಿಯೇ ತಿಳಿಯುತ್ತದೆ.

ಒಂದು ಎಚ್ಚರಿಕೆ: ಈ ಬೆಳಕು ಪಾಲಿಶ್‌ನ ಉಳಿಕೆಯನ್ನೂ, ಕತ್ತರಿಸದೆ ಬಿಟ್ಟ ದಾರದ ತುದಿಯನ್ನೂ, ಅಂಟಿನ ಕಲೆಯನ್ನೂ ಅಷ್ಟೇ ಚೆನ್ನಾಗಿ ತೋರಿಸುತ್ತದೆ. ಮೆದುವಾದ ಬ್ರಷ್‌ನಿಂದ ಹೊಲಿಗೆಯ ಸಾಲನ್ನು ಮೊದಲೇ ಶುಚಿ ಮಾಡಿ.

---

ಕೈ_ಹೊಲಿಗೆ

ಸೂಜಿ_ಮೊನೆ ಅವರ ಪರೀಕ್ಷೆಯನ್ನು ಎಲ್ಲ ಪಾದರಕ್ಷೆಗಳಿಗೂ ಅನ್ವಯಿಸಬಾರದು ಎಂದು ವಿನಂತಿಸುತ್ತೇನೆ. ನಾನು ಸ್ಯಾಂಡಲ್‌ಗಳನ್ನು ಕೈಯಲ್ಲೇ ಹೊಲಿಯುವವಳು. ಒಂದೇ ದಾರದ ಎರಡು ತುದಿಗೂ ಸೂಜಿ ಕಟ್ಟಿ, ದಬ್ಬಳದಿಂದ ತೂತು ಮಾಡುತ್ತ ಹೊಲಿಯುವಾಗ, ಓರೆ ಯಾವ ಕಡೆಗೆ ಬೀಳುತ್ತದೆ ಎಂಬುದು ದಬ್ಬಳವನ್ನು ಓರೆಯಾಗಿ ಹಿಡಿದ ರೀತಿ ಮತ್ತು ಯಾವ ಸೂಜಿ ಮೊದಲು ಹೋಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಎಡ ಮತ್ತು ಬಲ ಬಾರುಗಳು ಒಂದಕ್ಕೊಂದು ಎದುರುಬದುರಾಗಿ ಕಾಣಲಿ ಎಂದು ನಾನು ಬೇಕೆಂದೇ ಓರೆಯನ್ನು ಬದಲಿಸುತ್ತೇನೆ. ನನ್ನ ನಿಜವಾದ ಜೋಡಿಯ ಚಿತ್ರವನ್ನು ನೋಡಿ ಯಾರಾದರೂ ಇದು ಮಗುಚಿದ್ದು ಎಂದರೆ ಅದು ಅನ್ಯಾಯವಾಗುತ್ತದೆ.

ನನ್ನ ಸಂಕಟ ಬೇರೆಯೇ ಇದೆ. ನನ್ನ ಸ್ಯಾಂಡಲ್‌ಗಳಲ್ಲಿ ಹೆಬ್ಬೆರಳು ತೂರಿಸುವ ಉಂಗುರ ಎಡದಲ್ಲೂ ಬಲದಲ್ಲೂ ಕರಾರುವಾಕ್ಕಾಗಿ ಒಂದೇ ಎತ್ತರದಲ್ಲಿ ಬರುವುದಿಲ್ಲ, ಚರ್ಮದ ಬಣ್ಣವೂ ತುಸು ಏರುಪೇರಾಗುತ್ತದೆ. ಚಿತ್ರ ತೆಗೆಯುವವರು ಚೆನ್ನಾಗಿರುವ ಒಂದನ್ನೇ ಆರಿಸಿ ಮಗುಚಲೇ ಎಂದು ಕೇಳುತ್ತಾರೆ. ಹಾಗೆ ಮಾಡಿದರೆ ಕೊಳ್ಳುವವರು ಕೈಗೆ ಬಂದ ಜೋಡಿಯನ್ನು ನೋಡಿ ಇದು ಹೊಂದುತ್ತಿಲ್ಲ ಎಂದು ಹಿಂದಿರುಗಿಸುತ್ತಾರೆ. ಮಾಡದಿದ್ದರೆ ಚಿತ್ರ ನೋಡಿಯೇ ಮುಂದೆ ಹೋಗುತ್ತಾರೆ.

---

ಸೂಜಿ_ಮೊನೆ

ಕೈ_ಹೊಲಿಗೆ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ, ನಾನು ಹೇಳಿದ್ದು ಯಂತ್ರದ ಹೊಲಿಗೆಗೆ ಮಾತ್ರ. ಯಂತ್ರದಲ್ಲೂ ಸೀಳು ಸಾಲಿನ ಗುಂಟ ನೇರವಾಗಿ ಬೀಳುವ ಮೊನೆಯನ್ನು ಹಾಕಿದ್ದರೆ ಹೊಲಿಗೆ ಓರೆಯಾಗದೆ ನೇರವಾಗಿಯೇ ಮಲಗುತ್ತದೆ, ಆಗ ಪರೀಕ್ಷಿಸಲು ಏನೂ ಇರುವುದಿಲ್ಲ. ಅಂಥ ಚಿತ್ರದಲ್ಲಿ ಚರ್ಮವನ್ನೇ ನೋಡಬೇಕು. ಒಂದು ಶೂವಿನ ಹೊರಬದಿಯಲ್ಲಿರುವ ಸಣ್ಣ ಸುಕ್ಕು ಇನ್ನೊಂದು ಶೂವಿನ ಹೊರಬದಿಯಲ್ಲೂ ಅದೇ ಆಕಾರದಲ್ಲಿ, ಅದೇ ಜಾಗದಲ್ಲಿ, ತಿರುಗಿ ನಿಂತಿದ್ದರೆ ಅನುಮಾನವೇ ಬೇಡ. ಎರಡು ತುಂಡು ಚರ್ಮದಲ್ಲಿ ಒಂದೇ ಸುಕ್ಕು ಬರುವುದಿಲ್ಲ.

ನಿಮ್ಮ ಸಂಕಟಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಚಿತ್ರಕ್ಕಾಗಿ ಜೋಡಿಯನ್ನು ಆರಿಸುವುದು ತಪ್ಪಲ್ಲ ಎಂದು ಮಾತ್ರ ಹೇಳಬಲ್ಲೆ. ಸಿದ್ಧವಾಗಿರುವ ಅನೇಕ ಜೋಡಿಗಳಲ್ಲಿ ಚೆನ್ನಾಗಿ ಹೊಂದುವ ಒಂದು ಜೋಡಿಯನ್ನು ತೆಗೆದುಕೊಳ್ಳಿ, ಆದರೆ ಒಂದು ಜೋಡಿಯ ಎಡವನ್ನೂ ಇನ್ನೊಂದು ಜೋಡಿಯ ಬಲವನ್ನೂ ಕೂಡಿಸಬೇಡಿ. ಒಳ್ಳೆಯ ಕತ್ತರಿಸುವವರು ಒಂದು ಜೋಡಿಯ ಎದುರುಬದುರು ತುಂಡುಗಳನ್ನು ತೊಗಲಿನ ಅಕ್ಕಪಕ್ಕದ ಜಾಗಗಳಿಂದಲೇ ತೆಗೆಯುತ್ತಾರೆ. ಜೋಡಿ ಬದಲಾಯಿಸಿದರೆ ಸಾಮಾನ್ಯ ಬೆಳಕಿನಲ್ಲಿ ಕಾಣದ ಬಣ್ಣದ ವ್ಯತ್ಯಾಸವೂ ಸ್ಟುಡಿಯೋ ಬೆಳಕಿನಲ್ಲಿ ಎದ್ದು ಬರಬಹುದು.

ಫಾರ್ಮಲ್ ಶೂಗಳಿಗೆ ಆರಿಸುವಾಗ ನಾನು ಎರಡು ಅಳತೆ ನೋಡುತ್ತಿದ್ದೆ: ಮೊನೆಯಿಂದ ಟೋ ಕ್ಯಾಪ್‌ನ ಹೊಲಿಗೆಯ ಸಾಲಿನ ನಡುವಿನವರೆಗೆ ಎಷ್ಟು, ಹಿಂಬದಿಯ ಹೊಲಿಗೆ ಹಿಮ್ಮಡಿಯಿಂದ ಎಷ್ಟು ಎತ್ತರ. ಲಾಸ್ಟ್ ಮೇಲೆ ಎಳೆಯುವಾಗ ಒಂದರಲ್ಲಿ ಚರ್ಮ ಹೆಚ್ಚು ಎಳೆದರೆ ಕ್ಯಾಪ್ ಮುಂದಕ್ಕೆ ಜಾರುತ್ತದೆ. ಎರಡು ಶೂಗಳ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸವಾದರೂ ಮುಂದಿನಿಂದ ತೆಗೆದ ಚಿತ್ರದಲ್ಲಿ ಮೊದಲು ಕಾಣುವುದು ಅದೇ.

---

ನೇರ_ನೋಟ

ಹೊಲಿಗೆ ಮಗುಚುವುದಿಲ್ಲ ಎಂಬ ವಿಷಯ ನನಗೆ ಹೊಸದು, ಒಪ್ಪಿದೆ. ನಾನು ತಿದ್ದಿದ ಚಿತ್ರಗಳಲ್ಲಿ ಹೆಚ್ಚಿನವು ಕುಗ್ಗಿಸಿದ ಚಿತ್ರಗಳಾದ್ದರಿಂದ ಅಲ್ಲಿ ಓರೆ ಕಾಣುವಷ್ಟು ಪಿಕ್ಸೆಲ್‌ಗಳೇ ಇರಲಿಲ್ಲ. ಆದರೆ ಈಗ ಕೊಳ್ಳುವವರು ಬೆರಳಿನಿಂದ ಹಿಗ್ಗಿಸಿ ನೋಡುತ್ತಾರೆ, ಆದ್ದರಿಂದ ಅದು ಇನ್ನು ನಡೆಯುವುದಿಲ್ಲ.

ಆದರೂ ಎರಡು ಶೂಗಳನ್ನು ಒಟ್ಟಿಗೆ ನಿಲ್ಲಿಸಿ ತೆಗೆಯುವುದರಲ್ಲಿ ಒಂದು ನಿಜವಾದ ಕಷ್ಟವಿದೆ. ಮುಂದಿನ ಶೂವಿನ ನೆರಳು ಹಿಂದಿನದರ ಮೇಲೆ ಬೀಳುತ್ತದೆ, ಹೊಳೆಯುವ ಚರ್ಮವಾದರೆ ಒಂದರ ಪ್ರತಿಬಿಂಬ ಇನ್ನೊಂದರಲ್ಲಿ ಕಾಣುತ್ತದೆ. ನನ್ನ ಸಲಹೆ ಇದು: ಎರಡನ್ನೂ ಒಂದೇ ಬೆಳಕಿನಲ್ಲಿ, ಒಂದೇ ಕ್ಯಾಮೆರಾ ಸ್ಥಾನದಿಂದ ಬೇರೆ ಬೇರೆಯಾಗಿ ತೆಗೆದು ನಂತರ ಕೂಡಿಸಬಹುದಲ್ಲವೇ? ಇದು ಮಗುಚುವಿಕೆಯೂ ಅಲ್ಲ, ನಕಲೂ ಅಲ್ಲ.

---

ಬೆಳಕಿನ_ಪೆಟ್ಟಿಗೆ

ಇದನ್ನು ನಾನೂ ಮಾಡುತ್ತೇನೆ, ಒಂದು ಷರತ್ತಿನ ಮೇಲೆ. ಪ್ರತಿ ಶೂವನ್ನೂ ಜೋಡಿಯಲ್ಲಿ ಅದು ನಿಲ್ಲಬೇಕಾದ ಜಾಗದಲ್ಲೇ ನಿಲ್ಲಿಸಿ ತೆಗೆಯಬೇಕು. ಎರಡನ್ನೂ ಮೇಜಿನ ನಡುವೆ ತೆಗೆದು ಆಮೇಲೆ ಚಿತ್ರದಲ್ಲಿ ಸರಿಸಿದರೆ ಕ್ಯಾಮೆರಾ ನೋಡಿದ ಕೋನ ತಪ್ಪುತ್ತದೆ. ಒಂದರ ಒಳಗಡೆ ಎಷ್ಟು ಕಾಣಬೇಕೋ ಅದಕ್ಕಿಂತ ಹೆಚ್ಚು ಕಾಣುತ್ತದೆ, ಅಟ್ಟೆಯ ಗೆರೆಗಳು ಒಂದೇ ನೆಲದ ಮೇಲೆ ನಿಂತಂತೆ ತೋರುವುದಿಲ್ಲ. ಮೇಜಿನ ಮೇಲೆ ಎರಡೂ ಶೂಗಳ ಅಟ್ಟೆಯ ಸುತ್ತ ಪೆನ್ಸಿಲ್ ಗುರುತು ಹಾಕಿಕೊಂಡು, ಜೋಡಿಯಾಗಿ ಒಂದು ಚಿತ್ರ, ನಂತರ ಒಂದೊಂದನ್ನು ತೆಗೆದು ಬದಿಗಿಟ್ಟು ಇನ್ನೆರಡು ಚಿತ್ರ ತೆಗೆಯಿರಿ. ಜೋಡಿಯ ಚಿತ್ರವನ್ನು ಆಧಾರವಾಗಿಟ್ಟುಕೊಂಡು, ಬೇಡದ ನೆರಳು ಬಿದ್ದ ಜಾಗಕ್ಕೆ ಮಾತ್ರ ಬಿಡಿ ಚಿತ್ರದಿಂದ ತುಂಬಿಸಿ. ನೆಲದ ಮೇಲಿನ ನೆರಳನ್ನು ಮುಟ್ಟಬೇಡಿ, ಎರಡು ಶೂಗಳು ಒಟ್ಟಿಗೆ ನಿಂತಿವೆ ಎಂಬುದನ್ನು ಹೇಳುವುದು ಅದೇ.

---

ಕ್ಯಾಟಲಾಗ್_ಮೇಜು

ಎಲ್ಲರ ಸಲಹೆಯಂತೆ ಆಕ್ಸ್‌ಫರ್ಡ್ ಮತ್ತು ಡರ್ಬಿ ಎರಡನ್ನೂ ಮತ್ತೆ ತೆಗೆದೆವು. ಕಪಾಟಿನಲ್ಲಿದ್ದ ಆಕ್ಸ್‌ಫರ್ಡ್ ಜೋಡಿಗಳನ್ನು ಅಳೆದು, ಕ್ಯಾಪ್‌ನ ಸಾಲು ಸರಿಸಮನಾಗಿ ಬಂದಿದ್ದ ಜೋಡಿಯನ್ನು ಆರಿಸಿಕೊಂಡೆವು. ಕ್ಯಾಮೆರಾವನ್ನು 2 ಮೀಟರ್ ದೂರಕ್ಕೆ ಒಯ್ಯಲು ಬಾಗಿಲು ತೆರೆದಿಟ್ಟುಕೊಳ್ಳಬೇಕಾಯಿತು, ಆದರೆ ಎರಡು ಶೂಗಳು ಒಂದೇ ಅಳತೆಯವಾಗಿ ಕಾಣುತ್ತಿವೆ. ಓರೆ ಬೆಳಕು ಹಾಕಿದ ಹತ್ತಿರದ ಚಿತ್ರದಲ್ಲಿ ಕಪ್ಪು ದಾರದ ಪ್ರತಿ ಹೊಲಿಗೆಯನ್ನೂ ಎಣಿಸಬಹುದು, ಎಡದಲ್ಲೂ ಬಲದಲ್ಲೂ ಹೊಲಿಗೆ ಒಂದೇ ಕಡೆಗೆ ಒರಗಿದೆ. ಡರ್ಬಿಯಲ್ಲಿ ಮುಂದಿನದು ಹೊರಬದಿಯನ್ನೂ ಹಿಂದಿನದು ಒಳಬದಿಯನ್ನೂ ತೋರಿಸುತ್ತಿದೆ.

ಎರಡು ಬಾರಿನ ಸ್ಯಾಂಡಲ್ ಚಿತ್ರವೂ ಮುಗಿಯಿತು. ಬಾರುಗಳು ಕುಸಿಯದಂತೆ ಒಳಗೆ ಪಾರದರ್ಶಕ ಹಾಳೆಯನ್ನು ಸುರುಳಿ ಮಾಡಿ ಇಟ್ಟೆವು. ಬಕಲ್‌ನ ಕಡ್ಡಿಯನ್ನು ಎರಡರಲ್ಲೂ ಒಂದೇ ಲೆಕ್ಕದ ತೂತಿಗೆ ಹಾಕಿದ ಮೇಲೆ ಬಾರಿನ ತುದಿಗಳ ಉದ್ದವೂ ಸರಿಹೋಯಿತು. ಆದರೆ ಇಲ್ಲೊಂದು ಪ್ರಶ್ನೆ ಉಳಿದಿದೆ. ಇದು ಯಂತ್ರದ ಹೊಲಿಗೆ, ನಿಜವಾದ ಜೋಡಿ, ಚಿತ್ರವನ್ನು ನಾನೇ ಎದುರಿಗೆ ನಿಂತು ತೆಗೆಸಿದ್ದೇನೆ. ಆದರೂ ಬಲಗಾಲಿನ ಹಿಂದಿನ ಬಾರಿನಲ್ಲಿ ಮಾತ್ರ ಹೊಲಿಗೆ ಬೇರೆ ಥರ ಕಾಣುತ್ತದೆ, ಓರೆ ಬಹುತೇಕ ಇಲ್ಲವೇ ಇಲ್ಲ.

---

ಸೂಜಿ_ಮೊನೆ

ಆ ಬಾರನ್ನು ಮಗುಚಿ ಹಾಕಿಕೊಂಡು ಒಳಮೈಯಿಂದ ಹೊಲಿದಿರಬಹುದು. ಆಗ ನಮಗೆ ಕಾಣುವುದು ಬಾಬಿನ್ ದಾರ, ಅದು ಮೇಲಿನ ದಾರದಂತೆ ಒರಗುವುದಿಲ್ಲ. ಹಾಗಿದ್ದರೆ ಒಳಮೈಯಲ್ಲಿರುವ ಹೊಲಿಗೆ ಎಡಗಾಲಿನ ಬಾರಿನ ಹೊರಮೈಯ ಹೊಲಿಗೆಯಂತೆ ಓರೆಯಾಗಿ ಕಾಣಬೇಕು. ನೋಡಿ ಹೇಳುತ್ತೀರಾ? ಒಳಮೈಗೆ ಅಸ್ತರಿ ಅಂಟಿಸಿ ಮುಚ್ಚಿದ್ದರೆ ಅದನ್ನು ಬಿಚ್ಚದೆ ತಿಳಿಯುವುದಿಲ್ಲ. ಒಂದು ವೇಳೆ ಹೊಲಿಯುವವರು ನಡುವೆ ಸೂಜಿ ಬದಲಿಸಿ ಬೇರೆ ಮೊನೆ ಹಾಕಿದ್ದರೂ ಹೀಗೆ ಆಗಬಹುದು.

---

ಕೈ_ಹೊಲಿಗೆ

ಕಾರಣ ಏನೇ ಇದ್ದರೂ ಆ ಚಿತ್ರವನ್ನು ತಿದ್ದದೆ ಹಾಗೆಯೇ ಹಾಕಿ ಎಂದು ನಾನು ಹೇಳುತ್ತೇನೆ. ಕೊಳ್ಳುವವರಿಗೆ ಸಿಗುವ ಜೋಡಿಯಲ್ಲೂ ಹಾಗೆಯೇ ಇರುತ್ತದೆ.

---

ನೇರ_ನೋಟ

ಇದನ್ನು ನಾನು ಒಪ್ಪಲಾರೆ. ಎಲ್ಲ ಜೋಡಿಗಳಲ್ಲೂ ಹಾಗೆಯೇ ಇದ್ದರೆ ಹಾಕಬಹುದು. ಈ ಒಂದು ಜೋಡಿಯಲ್ಲಿ ಮಾತ್ರ ಹಾಗಾಗಿದ್ದರೆ ಚಿತ್ರವೇ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ. ಮೊದಲು ಉಳಿದ ಜೋಡಿಗಳ ಹಿಂದಿನ ಬಾರನ್ನು ತೆಗೆದು ನೋಡಲಿ.

---

ಕ್ಯಾಟಲಾಗ್_ಮೇಜು

ಅಸ್ತರಿ ಅಂಟಿಸಿ ಮುಚ್ಚಿದ್ದಾರೆ, ಒಳಮೈ ಕಾಣುತ್ತಿಲ್ಲ. ಗೋದಾಮಿನಿಂದ ಅದೇ ಸ್ಯಾಂಡಲ್‌ನ ಇನ್ನಷ್ಟು ಜೋಡಿಗಳನ್ನು ತರಿಸಲು ಹೇಳಿದ್ದೇನೆ. ಅವು ಬರುವವರೆಗೆ ಕ್ಯಾಟಲಾಗಿನಲ್ಲಿ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ.